ಕನ್ನಡಿಗೆ ಅಂಟಿಸಿದ ನೋಟೀಸು

ಕತ್ತರಿಯಕ್ಕನ ಅಂಗಡಿಗೆ ಹೋದವರು ಕೂದಲನ್ನು ಮಾತ್ರ ಕತ್ತರಿಸಿಕೊಂಡು ಬಂದದ್ದಿಲ್ಲ, ಬುದ್ಧಿವಾದವನ್ನೂ ಹೊತ್ತುಕೊಂಡೇ ಬರುತ್ತಿದ್ದರು. ಚಪ್ಪಲಿ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಉದ್ದನೆಯ ಒಂದು ಕೋಣೆ. ಒಂದು ದೊಡ್ಡ ಕನ್ನಡಿ, ಎರಡು ಕುರ್ಚಿ. ಒಂದು ಕುರ್ಚಿ ಕತ್ತರಿಸಿಕೊಳ್ಳುವವರಿಗೆ, ಇನ್ನೊಂದು ಕಾಯುತ್ತ ಹರಟುವವರಿಗೆ. ಎರಡನೆಯದರ ಸೀಟೇ ಹೆಚ್ಚು ಸವೆದಿತ್ತು.

ಬುದ್ಧಿವಾದದ ವಿಷಯ ಎರಡು ವರ್ಷದಿಂದ ಒಂದೇ: ಫೋನಿನಲ್ಲಿ ಬರುವ ಮೋಸ. ಅದಕ್ಕೊಂದು ಕಾರಣವಿತ್ತು. "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಹನ್ನೆರಡು ಗಂಟೆಯೊಳಗೆ ಅಲ್ಪ ಶುಲ್ಕ ಕಟ್ಟಿ" ಎಂದು ಬಂದಿದ್ದ ಸಂದೇಶವನ್ನು ನಂಬಿ, ಅದರಲ್ಲಿದ್ದ ಲಿಂಕ್ ಒತ್ತಿ, ಕಾರ್ಡಿನ ನಂಬರನ್ನೆಲ್ಲ ತುಂಬಿ, ಅವಳು ಹೊಸ ಕುರ್ಚಿಗೆಂದು ಕೂಡಿಟ್ಟಿದ್ದ ಹಣವನ್ನು ಕಳೆದುಕೊಂಡಿದ್ದಳು. ಆಗ ಅವಳಿಗೆ ಯಾವ ಪಾರ್ಸೆಲ್ಲೂ ಬರುವುದಿರಲಿಲ್ಲ ಎಂಬುದೇ ದೊಡ್ಡ ತಮಾಷೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಕತ್ತರಿಯಕ್ಕ ತಣ್ಣೀರನ್ನೂ ಊದತೊಡಗಿದಳು. ಗ್ಯಾಸಿನವರು ಫೋನ್ ಮಾಡಿದರೆ ಬೈದಳು, ಬ್ಯಾಂಕಿನವರು ಫೋನ್ ಮಾಡಿದರೆ ಅವರ ಜನ್ಮ ಜಾಲಾಡಿದಳು. ಒಮ್ಮೆ ಹೊಸ ನಂಬರಿನಿಂದ ಕರೆದ ಸ್ವಂತ ಗಂಡನಿಗೇ, "ನನ್ನ ಗಂಡ ಅನ್ನೋದಕ್ಕೆ ಏನು ಗುರುತು ಹೇಳು" ಎಂದು ಕೇಳಿದ್ದಳು. ಸಿಟಿ ಬಸ್ ಓಡಿಸುವ ಆ ಪುಣ್ಯಾತ್ಮ, "ಇಷ್ಟು ವರ್ಷ ನಿನ್ ಜೊತೆ ಬಾಳಿದೀನಲ್ಲ, ಬೇರೆ ಗುರುತು ಬೇಕೇನೇ?" ಎಂದಿದ್ದ.

ಇಂಥವಳಿಗೆ ನಿಜವಾಗಿಯೂ ಒಂದು ಪಾರ್ಸೆಲ್ ಬರುವುದಿತ್ತು.

ಕತ್ತರಿಯಕ್ಕ ಎಡಗೈಯವಳು. ಚಿಕ್ಕಂದಿನಲ್ಲಿ ಅಮ್ಮನಿಂದ ಆ ಕೈಗೆ ಪೆಟ್ಟು ತಿಂದವಳು, ಕೆಲಸ ಕಲಿಯುವಾಗ ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಊದಿಸಿಕೊಂಡವಳು. ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಹೇಳಿದರೆಂದು, ಸಮುದ್ರದಾಚೆ ಕತ್ತರಿ ಮಾಡುವ ಒಬ್ಬನಿಗೆ ತನ್ನ ಎಡಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಿಂದ ಗೀಚಿ ಕಳಿಸಿದ್ದಳು. ಆತ ಆ ಗೀಟಿನ ಅಳತೆಗೆ ಕತ್ತರಿ ಮಾಡಿದ. ಅದು ಕೈಗೆ ಬಂದ ದಿನ ಅವಳಿಗೆ ತನ್ನ ಕೈ ತಪ್ಪು ಕೈಯಲ್ಲ ಎಂದು ಮೊದಲ ಸಲ ಅನ್ನಿಸಿತು. ಆ ಸಂತೋಷವನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳಿದರೆ ಒಂದು ಕತ್ತರಿಗೆ ಇಷ್ಟೊಂದು ಸಂಭ್ರಮವೇ ಎಂದು ನಕ್ಕುಬಿಡುತ್ತಾರೆ ಎಂಬ ಅಂಜಿಕೆ.

ಈ ವರ್ಷ ಆ ಕತ್ತರಿ ಕೆಳಗೆ ಬಿದ್ದು, ಅಲಗು ಮುಕ್ಕಾಗಿ ತಿರುಪು ಸಡಿಲವಾಯಿತು. ಕತ್ತರಿ ಮಾಡಿದವನು ಈಗ ಮುದುಕ. ರಿಪೇರಿಗೆ ಕೇಳಿದಾಗ ಫೋನು ಅವನ ಮಾತನ್ನು ಅನುವಾದಿಸಿ ಕೊಟ್ಟಿತು: "ಎಡಗೈಯಮ್ಮನವರೇ, ಕಣ್ಣು ಮಂಜಾಗುತ್ತಿದೆ. ಈ ತಿಂಗಳ ಕೊನೆಗೆ ಕುಲುಮೆ ಮುಚ್ಚಿ ಮಗಳ ಮನೆಗೆ ಹೋಗುತ್ತೇನೆ. ಬೇಗ ಕಳಿಸಿ. ಇದೇ ನನ್ನ ಕೊನೆಯ ಕೆಲಸವಾಗಲಿ." ಅವಳ ಹೆಸರು ಅವನ ನಾಲಿಗೆಗೆ ತಿರುಗುತ್ತಿರಲಿಲ್ಲ, ಕೈ ಮಾತ್ರ ಗೊತ್ತಿತ್ತು. ಕತ್ತರಿಯಕ್ಕ ಕಳಿಸಿದಳು. ಕಳಿಸುವಾಗಲೂ ಅನುಮಾನ ಬಿಡಲಿಲ್ಲ. ಮುದುಕ ನಂಬಿಗಸ್ತನೇ, ಆದರೆ ದಾರಿಯಲ್ಲಿ ಯಾರಾದರೂ ಬದಲಾಯಿಸಿಬಿಟ್ಟರೆ? ಅಂಚೆ ಕಚೇರಿಯ ಕಸ್ಟಮ್ಸ್ ಫಾರಮ್ಮಿನಲ್ಲಿ "ರಿಪೇರಿಗಾಗಿ, ಮರಳಿ ಬರಬೇಕಾದದ್ದು" ಎಂದು ಬರೆದು, ಕತ್ತರಿಯ ಹಿಡಿಯ ಮೇಲೆ ಕೆತ್ತಿದ್ದ ಸಂಖ್ಯೆಯನ್ನೂ ಬರೆದು, ನಾಲ್ಕು ಮಗ್ಗುಲಿನ ಫೋಟೋ ಅಂಟಿಸಿ, ಎಲ್ಲದಕ್ಕೂ ಸೀಲು ಹೊಡೆಸಿಕೊಂಡು ಬಂದಳು. ಅಂದು ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದವರು ಅವಳಿಗೆ ಹಾಕಿದ ಶಾಪ ಇನ್ನೂ ತಟ್ಟಿಲ್ಲ.

ಕತ್ತರಿ ಇಲ್ಲದ ದಿನಗಳು ಕಷ್ಟದವು. ಬೇರೆ ಕತ್ತರಿ ಹಿಡಿದು ಸಂಜೆಗೆ ಹೆಬ್ಬೆರಳು ಊದುತ್ತಿತ್ತು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಕೈ ನೋಡಿದ ಡಾಕ್ಟರು, "ಒಂದೋ ಕತ್ತರಿ ಬದಲಾಯಿಸಿ, ಇಲ್ಲಾ ಕೆಲಸ ಬದಲಾಯಿಸಿ" ಎಂದುಬಿಟ್ಟಿದ್ದರು.

ಹೀಗಿರುವಾಗ ಒಂದು ದಿನ ಬಾಗಿಲ ಸಂದಿಯಿಂದ ಕಾಗದದ ನೋಟೀಸೊಂದು ಒಳಗೆ ಬಿತ್ತು. ಹೊರದೇಶದ ಪಾರ್ಸೆಲ್ ಬಂದಿದೆ, ಸುಂಕ ಮತ್ತು ನಿರ್ವಹಣಾ ಶುಲ್ಕ ಕಟ್ಟುವವರೆಗೆ ತಡೆಹಿಡಿಯಲಾಗಿದೆ, ಹದಿನೈದು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ಕಳಿಸಿದವರಿಗೆ ಹಿಂತಿರುಗಿಸಲಾಗುವುದು. ಕತ್ತರಿಯಕ್ಕ ಓದಿದಳು. ಒಂದು ಗಳಿಗೆ ಎದೆ ಹಾರಿತು. ಆಮೇಲೆ ಮೊತ್ತ ನೋಡಿದಳು. ಅಂಗಡಿಯ ತಿಂಗಳ ಬಾಡಿಗೆಗಿಂತ ಹೆಚ್ಚು! ವಸ್ತುವಿನ ಬೆಲೆ ಎಂದು ಬರೆದಿದ್ದ ಅಂಕಿಗಂತೂ ಅವಳ ಕಣ್ಣು ಕಿರಿದಾಯಿತು. ಆ ಬೆಲೆಗೆ ಕತ್ತರಿಯಲ್ಲ, ಕತ್ತರಿ ಅಂಗಡಿಯೇ ಬರುತ್ತದೆ. ಅಲ್ಲದೆ ರಿಪೇರಿಗೆ ಹೋದ ತನ್ನದೇ ವಸ್ತುವಿಗೆ ಯಾರಾದರೂ ಸುಂಕ ಕೇಳುತ್ತಾರೆಯೇ? ಮುದುಕನ ಹೆಸರನ್ನೂ ಕತ್ತರಿಯ ವಿಷಯವನ್ನೂ ಯಾರೋ ದಾರಿಯಲ್ಲೇ ಕದ್ದು ನೋಡಿ ಬರೆದಿದ್ದಾರೆ ಎಂದುಕೊಂಡಳು.

"ಕಳ್ಳರು ಈಗ ಪ್ರಿಂಟ್ ಹಾಕ್ಸೋ ಮಟ್ಟಕ್ಕೆ ಬಂದ್ರು!" ಎಂದು ನೋಟೀಸಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡ ಕತ್ತರಿ ಗುರುತು ಹಾಕಿ, ಕನ್ನಡಿಯ ಮೂಲೆಗೆ ಅಂಟಿಸಿದಳು. ಬಂದವರಿಗೆಲ್ಲ ಅದೇ ಪಾಠ. "ನೋಡ್ರೀ, ಸೀಲ್ ಕೂಡ ಹಾಕಿದಾರೆ. ಎಷ್ಟು ನಾಜೂಕು!" ಬಂದವರು ತಲೆ ತೂಗಿದರು. ತೂಗಬೇಡಿ, ಕಿವಿ ಹೋದೀತು ಎಂದು ಅವಳೇ ಗದರಿಸಿದಳು. ಹೀಗೆ ಹದಿಮೂರು ದಿನ ಕಳೆಯಿತು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದವರು ನಿವೃತ್ತ ಗಣಿತದ ಟೀಚರ್. ಭುಜಕ್ಕೆ ಇಳಿದಿದ್ದ ನರೆಗೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಬೇಕಿತ್ತು. ಎಡಗಡೆ ಮುಗಿದಿತ್ತು. ಬಲಗಡೆಗೆ ಬರುವಷ್ಟರಲ್ಲಿ ಫೋನು ಗುಂಯ್ ಎಂದಿತು. ಮುದುಕನ ಸಂದೇಶ: "ಎಡಗೈಯಮ್ಮನವರೇ, ಕತ್ತರಿ ನಿಮ್ಮ ದೇಶ ತಲುಪಿ ಎರಡು ವಾರವಾಯಿತು. ಏಕೆ ಬಿಡಿಸಿಕೊಂಡಿಲ್ಲ? ಕುಲುಮೆಯ ಬೀಗದ ಕೈಯನ್ನು ಕಟ್ಟಡದ ಮಾಲೀಕನಿಗೆ ಕೊಟ್ಟಾಯಿತು. ಹಿಂದೆ ಬಂದರೆ ಇಲ್ಲಿ ತೆಗೆದುಕೊಳ್ಳುವವರು ಯಾರೂ ಇಲ್ಲ." ಜೊತೆಗೆ ಅವನ ಅಂಚೆ ರಸೀತಿಯ ಫೋಟೋ. ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆರಡು ಅಕ್ಷರ.

ಕತ್ತರಿಯಕ್ಕ ಫೋನ್ ನೋಡಿದಳು. ಕನ್ನಡಿಯ ಮೂಲೆ ನೋಡಿದಳು. ಮತ್ತೆ ಫೋನ್ ನೋಡಿದಳು. ನೋಟೀಸಿನ ನಂಬರೂ ರಸೀತಿಯ ನಂಬರೂ ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಒಂದೇ.

"ಟೀಚರ್, ನಾನು ಕೆಟ್ಟೆ" ಎಂದು ಖಾಲಿ ಕುರ್ಚಿಯಲ್ಲಿ ಕುಸಿದಳು.

ವಿಷಯ ತಿಳಿದ ಟೀಚರ್ ನಗಲೂ ಇಲ್ಲ, ಅಯ್ಯೋ ಎನ್ನಲೂ ಇಲ್ಲ. ಲೆಕ್ಕ ತಪ್ಪಿದ ಮಕ್ಕಳನ್ನು ನಲವತ್ತು ವರ್ಷ ನೋಡಿದವರು. "ಕೂತ್ಕೊಂಡ್ರೆ ಪಾರ್ಸೆಲ್ ಬರುತ್ತಾ? ಏಳು. ಇದು ನಿಜವೋ ಸುಳ್ಳೋ, ಮೊದ್ಲು ತಾಳೆ ನೋಡೋಣ" ಎಂದರು.

"ನಂಬರ್ ಕದ್ದಿರಬಹುದಲ್ವಾ ಟೀಚರ್?" ಮುಳುಗುತ್ತಿದ್ದರೂ ಕತ್ತರಿಯಕ್ಕ ಅನುಮಾನದ ಕೈ ಬಿಡಲಿಲ್ಲ.

"ಕದ್ದಿರಬಹುದು. ಅದಕ್ಕೇ ನೋಟೀಸಲ್ಲಿರೋ ಫೋನ್ ನಂಬರ್‌ಗೆ ಮಾಡ್ಬೇಡ. ನೀನು ಕತ್ತರಿ ಕಳ್ಸಿದಾಗ ಅಂಚೆ ಕಚೇರಿಯವರು ಕೊಟ್ಟ ರಸೀತಿ ಇದ್ಯಾ? ಅದರ ಮೇಲೆ ಅವರ ನಂಬರ್ ಇರುತ್ತೆ. ಅದಕ್ಕೆ ಮಾಡು."

ರಸೀತಿ ಇರದೇ ಉಂಟೇ? ಕತ್ತರಿಯಕ್ಕನ ಬಳಿ ಎಲ್ಲದಕ್ಕೂ ರಸೀತಿ ಇತ್ತು, ಒಂದು ಬಿಸ್ಕತ್ತಿನ ಡಬ್ಬಿ ತುಂಬ. ಅವಳು ಆ ನಂಬರಿಗೆ ಕರೆ ಮಾಡುವಷ್ಟರಲ್ಲಿ ಟೀಚರ್ ತಮ್ಮ ಫೋನಿನಲ್ಲಿ ಅಂಚೆ ಇಲಾಖೆಯ ಜಾಲತಾಣದ ವಿಳಾಸವನ್ನು ತಾವೇ ಒಂದೊಂದೇ ಅಕ್ಷರ ಒತ್ತಿ ತೆರೆದು, ಮುದುಕನ ರಸೀತಿಯ ನಂಬರ್ ಹಾಕಿದರು. "ಸುಂಕ ಪಾವತಿಗಾಗಿ ಕಾಯುತ್ತಿದೆ" ಎಂದು ಬಂತು. ಫೋನಿನ ಆ ತುದಿಯ ಹೆಂಗಸೂ ಅದನ್ನೇ ಹೇಳಿದಳು. ನೋಟೀಸು ನಮ್ಮದೇ, ಪಾರ್ಸೆಲ್ ಇಲ್ಲೇ ಇದೆ, ನಾಳೆ ಕೊನೆಯ ದಿನ, ನಾಳಿದ್ದು ಬೆಳಿಗ್ಗೆ ವಾಪಸ್ ಕಳಿಸುವ ಚೀಲಕ್ಕೆ ಹೋಗುತ್ತದೆ.

ಕತ್ತರಿಯಕ್ಕ ಗಂಡನಿಗೂ ಫೋನ್ ಮಾಡಿದಳು. ಅವನು ಡಿಪೋದಲ್ಲಿ ಟೀ ಕುಡಿಯುತ್ತಿದ್ದ. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ಯಲ್ಲೇ! ಹೋಗು ಹೋಗು, ದುಡ್ಡು ಕಮ್ಮಿ ಬಿದ್ರೆ ನಾನು ಹಾಕ್ತೀನಿ. ಆ ಕತ್ತರಿ ಇಲ್ದೆ ಒಂದೂವರೆ ತಿಂಗಳಿಂದ ನೀನು ಮನೇಲಿ ಸುಡೋ ಕೆಂಡ ಆಗಿದೀಯ" ಎಂದ. ಅವಳಿಗೆ ಅಳು ಬಂತು, ನಗುವೂ ಬಂತು.

ಅಂಗಡಿಗೆ ಬೀಗ ಬಿತ್ತು. ಕನ್ನಡಿಯಿಂದ ಕಿತ್ತ ನೋಟೀಸು ಕೈಯಲ್ಲಿ, ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ. ಟೀಚರ್ ಕೂಡ ಹೊರಟು ನಿಂತರು. "ನಿಮ್ಮ ತಲೆ, ಟೀಚರ್!" ಎಂದಳು ಕತ್ತರಿಯಕ್ಕ. ಎಡಗಡೆ ಕಿವಿಯವರೆಗೆ, ಬಲಗಡೆ ಭುಜದವರೆಗೆ. "ತಲೆ ಒಳಗೆ ಸರಿಯಾಗಿದ್ರೆ ಸಾಕು, ನಡಿ" ಎಂದರು ಟೀಚರ್. ಬಸ್ಸಿನಲ್ಲಿ ಎದುರು ಕೂತಿದ್ದ ಒಬ್ಬಾತ ಅವರನ್ನು ಎಡದಿಂದ ನೋಡಿ, ಬಲದಿಂದ ನೋಡಿ, ಇಬ್ಬರು ಹೆಂಗಸರಿದ್ದಾರೆಂದು ತಿಳಿದವನಂತೆ ಕಣ್ಣುಜ್ಜಿಕೊಂಡ.

ಹೊರದೇಶದ ಪಾರ್ಸೆಲ್ಲುಗಳ ಕಚೇರಿ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಹಸಿರು ಬಣ್ಣ ಬಳಿದ ಕೌಂಟರು, ಗಾಜಿನಾಚೆ ಕಬ್ಬಿಣದ ಕಪಾಟುಗಳಲ್ಲಿ ಜಗತ್ತಿನ ಮೂಲೆಮೂಲೆಯ ಡಬ್ಬಗಳು, ತೂಕದ ಯಂತ್ರ, ಗೋಂದಿನ ವಾಸನೆ. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕೆಂಪು ಗುರುತು ಬಿದ್ದ ನೋಟೀಸನ್ನು ನೋಡಿ ಹುಬ್ಬೇರಿಸಿದಳು.

"ಇದನ್ಯಾಕೆ ಹೊಡೆದು ಹಾಕಿದೀರಿ?"

"ಮೋಸ ಅನ್ಕೊಂಡೆ, ಮೇಡಂ."

"ಕೇಳೋಕೆ ಬರೋರು ಹತ್ತರಲ್ಲಿ ಒಬ್ರು. ಮಿಕ್ಕವರು ಒಂದೋ ಸುಳ್ಳು ಲಿಂಕ್‌ಗೆ ಹಣ ಹಾಕ್ತಾರೆ, ಇಲ್ಲಾ ನಿಮ್ಮ ಹಾಗೆ ನಿಜವಾದ್ದನ್ನ ಹೊಡೆದು ಹಾಕ್ತಾರೆ" ಎಂದು ಆಕೆ ನೋಟೀಸನ್ನು ಬೆರಳಿನಿಂದ ತೋರಿಸುತ್ತ ಹೋದಳು. ಪಾರ್ಸೆಲ್ ನಂಬರ್ ಇದೆಯಾ, ಕಳಿಸಿದವರ ಹೆಸರು ಇದೆಯಾ, ಒಳಗೇನಿದೆ ಎಂದು ಇದೆಯಾ, ಸುಂಕ ಬೇರೆ, ತೆರಿಗೆ ಬೇರೆ, ನಮ್ಮ ಶುಲ್ಕ ಬೇರೆ ಎಂದು ಬಿಡಿಸಿ ಬರೆದಿದೆಯಾ. "ಮೋಸದವರು ಇಷ್ಟೆಲ್ಲ ಬಿಡಿಸಿ ಬರೆಯಲ್ಲ. 'ಬೇಗ ಕಟ್ಟಿ' ಅಂತಾರೆ, ಯಾರದೋ ಸ್ವಂತ ಖಾತೆ ಕೊಡ್ತಾರೆ. ಆದ್ರೂ ಕಾಗದ ಚೆನ್ನಾಗಿದೆ ಅಂತ ನಂಬಬಾರ್ದು. ನಂಬರ್ ಹಿಡ್ಕೊಂಡು ನಮ್ಮನ್ನೇ ಕೇಳ್ಬೇಕು. ಹಣ ಇಲ್ಲೇ ಕಟ್ಟಿ, ರಸೀತಿ ತಗೋಬೇಕು."

ಟೀಚರ್ ಅಷ್ಟರಲ್ಲಿ ಪೆನ್ನು ತೆಗೆದಿದ್ದರು. ಕತ್ತರಿಯ ಬೆಲೆಗೆ ಅಂಚೆ ಖರ್ಚು, ವಿಮೆ ಸೇರಿಸಿ, ಅದರ ಮೇಲೆ ಸುಂಕ. ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ತೆರಿಗೆ. ಕೊನೆಯಲ್ಲಿ ನಿರ್ವಹಣಾ ಶುಲ್ಕ. "ಲೆಕ್ಕ ಪೈಸೆಗೆ ಪೈಸೆ ಸರಿ ಇದೆ" ಎಂದರು ಸ್ವಲ್ಪ ನಿರಾಸೆಯಿಂದ. ತಪ್ಪು ಸಿಕ್ಕಿದ್ದರೆ ಅವರಿಗೆ ಆ ದಿನ ಹಬ್ಬ. "ಆದ್ರೆ ಲೆಕ್ಕ ಶುರು ಆದ ಅಂಕಿನೇ ತಪ್ಪು. ಈ ಬೆಲೆ ಯಾರು ಹಾಕಿದ್ದು?"

ಕೌಂಟರಿನವಳು ಕಂಪ್ಯೂಟರ್ ನೋಡಿ ಹೇಳಿದಳು, ಕಳಿಸಿದವರೇ. ಫಾರಮ್ಮಿನಲ್ಲಿ "ಮರಳಿ ಕಳಿಸುವ ವಸ್ತು" ಎಂಬ ಚೌಕಕ್ಕೆ ಗುರುತು ಹಾಕುವ ಬದಲು "ಮಾರಾಟ" ಎಂಬ ಚೌಕಕ್ಕೆ ಹಾಕಿದ್ದಾರೆ. ಬೆಲೆ ಬರೆಯುವಲ್ಲಿ ಇಷ್ಟು ಬರೆದಿದ್ದಾರೆ. ಕತ್ತರಿಯಕ್ಕ ಅಲ್ಲೇ ನಿಂತು ಮುದುಕನಿಗೆ ಕೇಳಿದಳು, ಯಾಕಪ್ಪಾ ಹೀಗೆ ಬರೆದೆ? ತಕ್ಷಣ ಉತ್ತರ ಬಂತು: "ಅದು ನನ್ನ ಕೊನೆಯ ಕೆಲಸ. ಅದಕ್ಕಿಂತ ಕಡಿಮೆ ಬೆಲೆ ಬರೆಯಲು ಕೈ ಬರಲಿಲ್ಲ."

ಕತ್ತರಿಯಕ್ಕ ಅದನ್ನು ಟೀಚರಿಗೂ ಕೌಂಟರಿನವಳಿಗೂ ತೋರಿಸಿದಳು. ಅಭಿಮಾನದಿಂದ ಬರೆದ ಒಂದು ಅಂಕಿಗೆ ಇಷ್ಟೆಲ್ಲ ಸುಂಕ ಬಿದ್ದಿತ್ತು.

"ಈಗ ಕಟ್ಟಿ ಬಿಡಿಸ್ಕೊಂಡ್ರೆ?" ಎಂದಳು ಕತ್ತರಿಯಕ್ಕ. ಬಾಡಿಗೆ ಹಣ ಹೋದರೂ ಸರಿ, ಕತ್ತರಿ ಕೈಗೆ ಬಂದರೆ ಸಾಕು ಎನ್ನಿಸಿತ್ತು.

"ಬೇಡ" ಎಂದಳು ಕೌಂಟರಿನವಳು. "ತಗೊಂಡು ಹೋದ ಮೇಲೆ ಹಣ ವಾಪಸ್ ಕೇಳಿದ್ರೆ ತಿಂಗಳುಗಟ್ಟಲೆ ಆಗುತ್ತೆ. ಪಾರ್ಸೆಲ್ ಇಲ್ಲೇ ಇರುವಾಗ ತಕರಾರು ಅರ್ಜಿ ಕೊಡಿ. ಅರ್ಜಿ ತೀರ್ಮಾನ ಆಗೋವರೆಗೂ ವಾಪಸ್ ಹೋಗಲ್ಲ. ನಿಮ್ಮದೇ ಕತ್ತರಿ, ರಿಪೇರಿಗೆ ಹೋಗಿತ್ತು ಅನ್ನೋದಕ್ಕೆ ದಾಖಲೆ ಇದ್ಯಾ?"

ಕತ್ತರಿಯಕ್ಕ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಳು.

ಕಸ್ಟಮ್ಸ್ ಅಧಿಕಾರಿ ಪಕ್ಕದ ಕೋಣೆಯಿಂದ ಬಂದ. ಇನ್ನೇನು ಎದ್ದು ಊಟಕ್ಕೆ ಹೋಗಬೇಕೆಂದಿದ್ದ ಮುಖ. ಕಳಿಸಿದ ಫಾರಮ್ಮು, ಸೀಲು, ನಾಲ್ಕು ಫೋಟೋ, ಮುದುಕನ ರಿಪೇರಿ ಬಿಲ್ಲು, ಬ್ಯಾಂಕಿನಿಂದ ಅವನಿಗೆ ಕೂಲಿ ಕಟ್ಟಿದ ಚೀಟಿ ಒಂದರ ಹಿಂದೆ ಒಂದು ಮೇಜಿನ ಮೇಲೆ ಬಂದಂತೆ ಆ ಮುಖ ಬದಲಾಯಿತು. "ಇಷ್ಟು ಪಕ್ಕಾ ಕಾಗದ ನಮ್ಮ ಕಚೇರೀಲೇ ಇಲ್ಲವಲ್ರೀ" ಎಂದ. ಯಾವ ಅನುಮಾನ ಕತ್ತರಿಯನ್ನು ಕಳೆಯಲು ಹೊರಟಿತ್ತೋ ಅದೇ ಅನುಮಾನ ಅದನ್ನು ಉಳಿಸಲೂ ಬಂದಿತ್ತು. ಕತ್ತರಿಯಕ್ಕನ ಗುಣ ಹೀಗೆಯೇ: ತಲೆನೋವೂ ಅದೇ, ಮಾತ್ರೆಯೂ ಅದೇ.

ಅವಳ ಎದುರಿಗೇ ಡಬ್ಬಿ ಬಿಚ್ಚಿದರು. ಮರದ ಹೊಟ್ಟು, ಅದರೊಳಗೆ ಎಣ್ಣೆಕಾಗದ, ಅದರೊಳಗೆ ಕತ್ತರಿ. ಅಧಿಕಾರಿ ಭೂತಗನ್ನಡಿ ಹಿಡಿದು ಸಂಖ್ಯೆ ಓದಿದ. ಟೀಚರ್ ಫಾರಮ್ಮು ನೋಡಿ ಒಂದೊಂದು ಅಂಕಿಗೂ "ಸರಿ" ಎಂದರು, ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ. ಕತ್ತರಿಯಕ್ಕ ಕೈ ಚಾಚಿದಳು. "ಇನ್ನೂ ಇಲ್ಲ" ಎಂದ ಅಧಿಕಾರಿ. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅವನು ಹೊಸದಾಗಿ ಲೆಕ್ಕ ಹಾಕಿದ. ರಿಪೇರಿಯ ಕೂಲಿ ಮತ್ತು ಅಂಚೆ ಖರ್ಚಿನ ಮೇಲೆ ಮಾತ್ರ ಸುಂಕ ಮತ್ತು ತೆರಿಗೆ. ಟೀಚರ್ ಅದನ್ನೂ ತಾಳೆ ನೋಡಿದರು. ಮೊತ್ತ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಕೌಂಟರಿನವಳು ಹೊಸ ಚೀಟಿ ಮುದ್ರಿಸಿದಳು. ಕತ್ತರಿಯಕ್ಕ ಅದನ್ನು ಮೂರು ಸಲ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸುಂಕ ಇಳೀತು. ಈ ನಿರ್ವಹಣಾ ಶುಲ್ಕ ಯಾಕೆ ಇಳಿದಿಲ್ಲ?"

"ಅದು ಸುಂಕ ಅಲ್ಲಮ್ಮ. ನಿಮ್ಮ ಡಬ್ಬಿನ ಕಸ್ಟಮ್ಸ್ ಮುಂದೆ ಇಟ್ಟು, ಕಾಗದ ಮಾಡಿ, ಕಾದಿಟ್ಟಿದ್ದಕ್ಕೆ ಅಂಚೆಯವರ ಕೂಲಿ. ಸುಂಕ ಎಷ್ಟಾದ್ರೂ ಅದು ಅಷ್ಟೇ. ದರಪಟ್ಟಿ ಗೋಡೆ ಮೇಲಿದೆ, ಓದ್ಕೊಳ್ಳಿ" ಎಂದ ಅಧಿಕಾರಿ.

ಅವಳು ಹೋಗಿ ಓದಿಕೊಂಡು ಬಂದಳು. ಸರಿಯಿತ್ತು. "ಇದು ಕೊಡ್ಬೇಕಾದ್ದೇ. ಹದಿನಾಲ್ಕು ದಿನ ನಾನು ಬೈದ ಬೈಗುಳಕ್ಕೆ ಇದು ಕಮ್ಮಿನೇ" ಎಂದು ನಗುತ್ತ ಕಟ್ಟಿದಳು. ರಸೀತಿ ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಕತ್ತರಿ ಎಡಗೈಗೆ ಬಂತು. ಹೆಬ್ಬೆರಳು ಉಂಗುರದೊಳಗೆ ಹೋಗಿ ಕೂತಾಗ ಅವಳ ಮುಖ ಹೇಗಾಯಿತೆಂದರೆ, ಊಟಕ್ಕೆ ಹೊರಟಿದ್ದ ಅಧಿಕಾರಿ ಬಾಗಿಲಲ್ಲೇ ನಿಂತು ನೋಡಿದ.

ಅಂಗಡಿ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಟೀಚರ್ ಮತ್ತೆ ಕುರ್ಚಿ ಏರಿದರು. ಕತ್ತರಿಯಕ್ಕ ಮುದುಕನಿಗೆ ಕರೆ ಮಾಡಿ, ಫೋನನ್ನು ಬಾಚಣಿಗೆಗಳ ಪಕ್ಕ ಒರಗಿಸಿಟ್ಟಳು. "ಬಂತು" ಎಂದಳು. ಆ ಒಂದು ಮಾತಿಗೆ ಅನುವಾದ ಬೇಕಾಗಲಿಲ್ಲ. ಆ ಕಡೆಯಿಂದ ಮುದುಕ ಏನೋ ಹೇಳಿದ. ಫೋನು ಹೇಳಿತು: "ಮಾತು ಬೇಡ. ಕತ್ತರಿಸಿ. ನಾನು ಕೇಳುತ್ತೇನೆ."

ಅವಳು ಟೀಚರ್ ಬಲಗಡೆಯ ಕೂದಲನ್ನು ಬಾಚಿ, ಬೆರಳ ಸಂದಿಯಲ್ಲಿ ಹಿಡಿದು ಕತ್ತರಿಸಿದಳು. ಕಚಕ್. ಮತ್ತೆ ಕಚಕ್. ಮುದುಕ ಎರಡು ಮಾತು ಹೇಳಿದ. "ತಿರುಪು ಅರ್ಧ ಸುತ್ತು ಬಿಗಿಯಾಗಿದೆ. ಪ್ರಯಾಣದಲ್ಲಿ ಹಾಗಾಗಿದೆ. ಸಡಿಲಿಸಿ." ಕತ್ತರಿಯಕ್ಕ ಉಗುರಿನಿಂದ ತಿರುಪನ್ನು ಅರ್ಧ ಸುತ್ತು ತಿರುಗಿಸಿದಳು. ಈ ಸಲ ಕೂದಲು ತಾನಾಗಿ ಬೇರ್ಪಟ್ಟಂತೆ ಇಳಿಯಿತು. ಸದ್ದು ಎಷ್ಟು ಮೆತ್ತಗಿತ್ತೆಂದರೆ ಟೀಚರ್ ಉಸಿರು ಬಿಗಿಹಿಡಿದರು.

ಮುದುಕ ನಕ್ಕ. ಯಾರನ್ನೋ ಕೂಗಿ ಕರೆದ, ಮಗಳನ್ನಿರಬೇಕು. ಅವಳಿಗೂ ಕೇಳಿಸುವ ಆಸೆ. "ಇನ್ನೊಮ್ಮೆ" ಎಂದಿತು ಫೋನು. ಕತ್ತರಿಯಕ್ಕ ಕತ್ತರಿಸಿದಳು. "ಇನ್ನೊಮ್ಮೆ." ಕತ್ತರಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಹೇಳಲಾಗದೇ ಉಳಿದಿದ್ದ ಸಂತೋಷವನ್ನೆಲ್ಲ ಈಗ ಕತ್ತರಿಯೇ ಹೇಳುತ್ತಿದೆ ಎಂದು ಅವಳಿಗೆ ಅನ್ನಿಸಿತು.

"ಸಾಕಮ್ಮ" ಎಂದರು ಟೀಚರ್ ಕನ್ನಡಿ ನೋಡಿಕೊಳ್ಳುತ್ತ, "ಎರಡೂ ಕಡೆ ಸಮ ಆಯ್ತು. ಇನ್ನೂ ಕತ್ತರಿಸಿದ್ರೆ ನನಗೆ ಟೋಪಿ ಬೇಕಾಗುತ್ತೆ."

"ಇನ್ನೊಮ್ಮೆ" ಎಂದಿತು ಫೋನು.

ಕತ್ತರಿಯಕ್ಕ ತನ್ನ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಂಡು, ಅದರ ತುದಿಯನ್ನು ಫೋನಿನ ಹತ್ತಿರ ಹಿಡಿದು, ಕಚಕ್ಕನೆ ಕತ್ತರಿಸಿದಳು.